ಖಡಕ್ ರೊಟ್ಟಿ ಪಾರ್ಸೆಲ್‌ನಲ್ಲಿ ತಿಂಗಳಿಗೆ 24,500 ಉಳಿದದ್ದು ಎಲ್ಲಿಂದ: ಪೂರ್ತಿ ಲೆಕ್ಕ

ಪ್ರಶ್ನೆ: "ಅಣ್ಣಾರೇ, ನಮ್ಮದು ಗದಗ. ರೊಟ್ಟಿ, ಚಟ್ನಿಪುಡಿ ಬೆಂಗಳೂರಿಗೆ ಕಳಿಸ್ತೀವಿ. ಕೊರಿಯರ್ ಬಿಲ್ಲೇ ಲಾಭ ತಿಂದುಬಿಡ್ತದೆ. ಬಾಕ್ಸ್ ಬದಲಿಸಿದ್ದಕ್ಕೆ ನಿಮ್ಮ ಗಿರಾಕಿಗೆ ತಿಂಗಳಿಗೆ 24 ಸಾವಿರ ಉಳಿಯಿತು ಅಂತ ಹಾಕಿದ್ರಲ್ಲ, ಅದು ಹೆಂಗೆ? ಬಾಕ್ಸಿನ ರೇಟೇ ಅಷ್ಟಿಲ್ಲ. ನಿಜವಾದ ಲೆಕ್ಕ ಇದ್ರೆ ಹಾಕಿ."

ಅಕ್ಕಾರೇ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಬಾಕ್ಸಿನ ರೇಟಿನಲ್ಲಿ ಅಷ್ಟು ಉಳಿಯೋದಿಲ್ಲ. ಉಳಿದದ್ದು ಬಾಕ್ಸಿನ ಅಳತೆಯಲ್ಲಿ. ಗಿರಾಕಿಯ ಒಪ್ಪಿಗೆ ತಗೊಂಡೇ ಬರೀತಿದ್ದೇನೆ, ಹೆಸರು ಬೇಡ ಅಂದಿದ್ದಾರೆ. ಹುಬ್ಬಳ್ಳಿಯವರು, ಮನೆಯ ಹಿಂದಿನ ಶೆಡ್ಡಿನಲ್ಲಿ ಆರು ಜನ ಹೆಣ್ಣುಮಕ್ಕಳು ರೊಟ್ಟಿ ಬಡೀತಾರೆ. ತಿಂಗಳಿಗೆ 400 ಚಿಲ್ಲರೆ ಪಾರ್ಸೆಲ್. ಅದರಲ್ಲಿ 260 ಒಂದೇ ಥರದ್ದು: 30 ಖಡಕ್ ರೊಟ್ಟಿ, ಜೊತೆಗೆ ಅರ್ಧ ಕೆಜಿ ಚಟ್ನಿಪುಡಿ. ಈ ಲೆಕ್ಕ ಆ 260ರದ್ದು ಮಾತ್ರ. ಉಳಿದವು ಸಣ್ಣ ಪಾರ್ಸೆಲ್, ಅವುಗಳಲ್ಲಿ ಏನೂ ಉಳಿದಿಲ್ಲ.

ಅವರು ಮೊದಲು ನನ್ನ ಹತ್ತಿರ ಬಂದದ್ದು "ಬಾಕ್ಸಿನ ರೇಟು ಎರಡು ರೂಪಾಯಿ ಕಡಿಮೆ ಮಾಡಿ" ಅನ್ನೋದಕ್ಕೆ. ಕೊರಿಯರ್ ಬಿಲ್ ತಂದಿದ್ದೀರಾ ಅಂತ ಕೇಳಿದೆ. ಮೊಬೈಲಿನಲ್ಲಿತ್ತು. ಪ್ರತಿ ಸಾಲಿನಲ್ಲೂ 4 ಕೆಜಿ ಹಾಕಿದ್ದರು. ಅವರ ಒಂದು ಪಾರ್ಸೆಲ್ ನಮ್ಮ ಅಂಗಡಿಯ ತಕ್ಕಡಿಗೆ ಇಟ್ಟರೆ 2 ಕೆಜಿ 440 ಗ್ರಾಂ. ಒಂದೂವರೆ ಕೆಜಿ ಗಾಳಿಗೆ ದುಡ್ಡು ಕೊಡ್ತಿದ್ದರು ಅಂತಾಯ್ತು.

ಕೊರಿಯರ್‌ನವರು ತೂಕವನ್ನೂ ನೋಡ್ತಾರೆ, ಬಾಕ್ಸ್ ಎಷ್ಟು ಜಾಗ ತಿನ್ನುತ್ತೆ ಅನ್ನೋದನ್ನೂ ನೋಡ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ. ಬಂದ ಅಂಕಿ, ತಕ್ಕಡಿಯ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನ ಮೇಲಿನ ಅರ್ಧ ಕೆಜಿಗೆ ಏರಿಸಿ ಬಿಲ್ ಮಾಡ್ತಾರೆ. ಇವರ ಹಳೆ ಬಾಕ್ಸಿನ ಹೊರ ಅಳತೆ 30×30×20. ಗುಣಿಸಿದರೆ 18,000. ಭಾಗಿಸಿದರೆ 3.6. ಬಿಲ್ಲಿಗೆ 4 ಕೆಜಿ.

ಹೊಸ ಬಾಕ್ಸ್ 26×26×16. ಗುಣಿಸಿದರೆ 10,816, ಭಾಗಿಸಿದರೆ 2.16. ಬಿಲ್ಲಿಗೆ 2.5 ಕೆಜಿ. ಪ್ರತಿ ಕಡೆ ನಾಲ್ಕೇ ಸೆಂಟಿಮೀಟರ್ ಕಡಿಮೆ, ಅಂದರೆ ಎರಡು ಬೆರಳು. ಅರ್ಧ ಕೆಜಿಗೆ ಒಂದು ಸ್ಲ್ಯಾಬ್ ಅಂತ ಹಿಡಿದರೆ ಬಿಲ್ಲಿನಲ್ಲಿ ಮೂರು ಸ್ಲ್ಯಾಬ್ ಇಳಿಯಿತು.

ಬೆಂಗಳೂರಿಗೆ ಕೊರಿಯರ್ ರೇಟು ಮೊದಲ ಅರ್ಧ ಕೆಜಿಗೆ 42 ರೂಪಾಯಿ, ಆಮೇಲಿನ ಪ್ರತಿ ಅರ್ಧಕ್ಕೆ 24. ಹಳೆಯದಕ್ಕೆ 210 ಆಗ್ತಿತ್ತು, ಈಗ 138. ಪಾರ್ಸೆಲ್‌ಗೆ 72 ಉಳೀತು. ಅಂಥವು 180, ಒಟ್ಟು 12,960. ಪುಣೆ, ಮುಂಬೈ, ಹೈದರಾಬಾದ್ ಕಡೆಯವು 80. ಆ ಕಡೆ ಮೊದಲ ಅರ್ಧಕ್ಕೆ 55, ಆಮೇಲೆ 34. ಹಾಗಾಗಿ 293 ಇದ್ದದ್ದು 191 ಆಯ್ತು, 102 ರೂಪಾಯಿ ಉಳಿತಾಯ. ಒಟ್ಟು 8,160. ಎರಡೂ ಸೇರಿ 21,120. ಎಲ್ಲಾ ಜಿಎಸ್‌ಟಿ ಬಿಟ್ಟು ಹೇಳ್ತಿರೋದು.

ಇನ್ನು ಬಾಕ್ಸ್. ಹಳೆಯದು ಐದು ಪ್ಲೈ, ಅಂದರೆ ಐದು ಪದರದ ರಟ್ಟು, 34 ರೂಪಾಯಿ. ಹೊಸದು ಮೂರು ಪ್ಲೈ, 17. ಅದರಲ್ಲಿ 17 ಉಳೀತು. ಆದರೆ ಒಳಗಿನ ಸಾಮಾನಿಗೆ ಮೊದಲಿಗಿಂತ 4 ರೂಪಾಯಿ ಜಾಸ್ತಿ, ಯಾಕೆ ಅಂತ ಮುಂದೆ ಹೇಳ್ತೇನೆ. ನಿವ್ವಳ 13. 260ಕ್ಕೆ 3,380. ಇದನ್ನೂ ಸೇರಿಸಿದರೆ 24,500. ನೋಡಿ, ಬಹುಪಾಲು ಕೊರಿಯರ್‌ನಲ್ಲಿ ಉಳಿದದ್ದು. ನನ್ನ ಅಂಗಡಿಯ ವ್ಯಾಪಾರ ಮಾತ್ರ ಇವರ ಲೆಕ್ಕದಲ್ಲಿ ಅರ್ಧಕ್ಕೆ ಬಂತು! ಇರಲಿ, ಅವರು ಕಳಿಸಿದ ಇನ್ನಿಬ್ಬರು ಈಗ ನನ್ನ ಗಿರಾಕಿಗಳು.

ಮೊದಲ ಸಲ ನಾವು ಕೆಟ್ಟದಾಗಿ ಸೋತೆವು, ಅದನ್ನೂ ಕೇಳಿ. ರೊಟ್ಟಿ ಪ್ಯಾಕೆಟ್ಟಿನ ಅಗಲ 23.5 ಸೆಂ.ಮೀ. ನಾನು ಜಾಣತನ ಮಾಡಿ ಒಳಗೆ 24 ಇರೋ ಬಾಕ್ಸ್ ಮಾಡಿಸಿದೆ, 50 ಪೀಸು ಟ್ರಯಲ್. ಪಾರ್ಸೆಲ್ ನೋಡೋಕೆ ಬಲು ಚಂದ, ಅಲುಗಾಡಿಸಿದರೆ ಸಪ್ಪಳವಿಲ್ಲ. ಆದರೆ 50ರಲ್ಲಿ 11 ಮನೆಯಿಂದ ಪುಡಿಪುಡಿ ರೊಟ್ಟಿಯ ಫೋಟೋ ಬಂತು. ಎಲ್ಲಾ ಫೋಟೋದಲ್ಲೂ ಒಡೆದದ್ದು ಒಂದೇ ರೀತಿ: ರೊಟ್ಟಿಯ ನಡು ಗಟ್ಟಿ, ನಾಲ್ಕು ಕಡೆ ಅಂಚು ಮಾತ್ರ ಮುರಿದಿತ್ತು. ರೊಟ್ಟಿಯ ಅಂಚು ರಟ್ಟಿಗೆ ತಾಗಿ ನಿಂತಿದ್ದರಿಂದ ಬಾಕ್ಸಿಗೆ ಬಿದ್ದ ಪೆಟ್ಟು ನೇರ ರೊಟ್ಟಿಗೇ ಹೋಗ್ತಿತ್ತು. ನಡುವೆ ಒಡೆದಿದ್ದರೆ ಮೇಲಿನ ಭಾರ ಕಾರಣ, ಅಂಚು ಒಡೆದಿದ್ದರೆ ಪಕ್ಕದ ಪೆಟ್ಟು ಕಾರಣ. ನಿಮ್ಮಲ್ಲೂ ಒಡೆದು ಬಂದರೆ ಮೊದಲು ಇದನ್ನೇ ನೋಡಿ.

ಪರಿಹಾರ ಹೇಳಿದ್ದು ನಾನಲ್ಲ, ಆ ಮನೆಯ ಅತ್ತೆ. ಟೇಬಲ್ ಮೇಲಿದ್ದ ತೆರೆದ ಬಾಕ್ಸ್ ನೋಡಿ, "ದುಂಡನ ರೊಟ್ಟಿ ಚೌಕ ಡಬ್ಬಿಯೊಳಗ ಇಟ್ಟೀರಿ, ನಾಕೂ ಮೂಲಿ ಖಾಲಿ ಅದಾವಲ್ಲ" ಅಂದರು. ಹೌದಲ್ವಾ! ಕಾಲು ಕೆಜಿಯ ಎರಡು ಚಟ್ನಿ ಪೊಟ್ಟಣ ಮೇಲೆ ಇಡ್ತಿದ್ದೆವು, ಅದರ ಭಾರ ರೊಟ್ಟಿ ಮೇಲೆ. ಈಗ 125 ಗ್ರಾಂನ ನಾಲ್ಕು ಪೌಚ್, ಒಂದೊಂದು ಮೂಲೆಗೆ ನಿಲ್ಲಿಸ್ತಾರೆ. ಶೇಂಗಾ, ಗುರೆಳ್ಳು, ಅಗಸಿ, ಪುಟಾಣಿ. ಚಟ್ನಿಪುಡಿಯೇ ಮೆತ್ತೆ ಆಯ್ತು. ಬಾಕ್ಸಿನ ಒಳ ಅಳತೆ 25.3 ಮಾಡಿದೆವು, ಪೌಚುಗಳು ರೊಟ್ಟಿಯನ್ನ ನಡುವೆ ಹಿಡಿದು ನಿಲ್ಲಿಸ್ತವೆ, ಅಂಚು ಎಲ್ಲೂ ರಟ್ಟಿಗೆ ತಾಗಲ್ಲ. ಹತ್ತರ ಪ್ಯಾಕೆಟ್ಟುಗಳ ನಡುವೆ ಒಂದೊಂದು ರಟ್ಟಿನ ತುಂಡು, ಮೇಲೆ ಮಡಚಿದ ರಟ್ಟು. ಎರಡು ಪೌಚ್ ಜಾಸ್ತಿ ಆದದ್ದಕ್ಕೆ ಮತ್ತು ರಟ್ಟಿನ ತುಂಡಿಗೇ ಆ 4 ರೂಪಾಯಿ. ಸುದ್ದಿಪತ್ರಿಕೆ ತುರುಕೋದು ನಿಂತಿತು.

ಮೇಲೆ ಎರಡು ಬೆರಳು ಜಾಗ ಉಳೀತಲ್ಲ, ಎತ್ತರ ಇನ್ನೂ ಇಳಿಸಬಹುದಲ್ಲ ಅಂತ ಗಿರಾಕಿಯ ಮಗ ಕೇಳಿದ. 14ಕ್ಕೆ ಇಳಿಸಿದರೆ ಜಾಗದ ಲೆಕ್ಕ 1.9 ಬರ್ತದೆ, 2 ಕೆಜಿ ಸ್ಲ್ಯಾಬ್. ಆದರೆ ಹೊಸ ಬಾಕ್ಸಿನ ಪಾರ್ಸೆಲ್ ತಕ್ಕಡಿಗೆ ಇಟ್ಟರೆ 2,040 ಗ್ರಾಂ! ಬಿಲ್ ಹೇಗೂ 2.5 ಆಗೋದೇ. ಸುಮ್ನೆ ಬಾಕ್ಸ್ ಕುಗ್ಗಿಸಿ ರೊಟ್ಟಿ ಒಡೆಸಿಕೊಳ್ಳೋದು ಯಾಕೆ? ಒಂದು ರೊಟ್ಟಿ ಕಡಿಮೆ ಇಟ್ಟರೆ 2 ಕೆಜಿಗೆ ಬಂದುಬಿಡ್ತದೆ ಅಂತ ಅವನ ವಾದ. 29 ರೊಟ್ಟಿ ಅಂತ ಯಾರಿಗೆ ಮಾರೋದು ಅಂತ ತಾಯಿಯ ವಾದ. ಅದಿನ್ನೂ ತೀರ್ಮಾನವಾಗಿಲ್ಲ.

ಹೊಸ ಬಾಕ್ಸ್ ಬಂದ ತಿಂಗಳು ಒಂಬತ್ತು ಪಾರ್ಸೆಲ್‌ಗೆ 3 ಕೆಜಿ ಬಿಲ್ ಬಂತು. ಮೇಲಿನ ರಟ್ಟು ಎರಡೆರಡು ತುರುಕಿದ್ದರು, ಮುಚ್ಚಳ ಉಬ್ಬಿತ್ತು. ಕೊರಿಯರ್‌ನವರು ಪಾರ್ಸೆಲ್ ವಿಂಗಡಿಸೋ ಹಬ್‌ನಲ್ಲಿ ಮೆಷಿನ್ ಅಳೀತದೆ, ಅದು ಉಬ್ಬಿನ ತುದಿಯಿಂದಲೇ ಅಳೀತದೆ. 16 ಇರಬೇಕಾದದ್ದು 18.5 ಆದರೆ ಒಂದು ಸ್ಲ್ಯಾಬ್ ಹೋಯ್ತು. ಟೇಪು ಹಚ್ಚಿದ ಮೇಲೆ ಒಂದು ಪಟ್ಟಿ ಅಡ್ಡ ಇಟ್ಟು ನೋಡಿ, ಅಲುಗಾಡಿದರೆ ಉಬ್ಬಿದೆ ಅಂತ ಅರ್ಥ. ಮತ್ತೆ, ಬಾಕ್ಸ್ ಮಾಡೋರು ಹೇಳೋದು ಒಳ ಅಳತೆ, ಕೊರಿಯರ್‌ನವರು ಅಳೆಯೋದು ಹೊರಗಿನದು. ಐದು ಪ್ಲೈಯಲ್ಲಿ ಈ ವ್ಯತ್ಯಾಸ ಜಾಸ್ತಿ.

ಧಾರವಾಡದ ಅಣ್ಣ ಒಬ್ಬರು ಈ ಗುಂಪಿನಲ್ಲಿ ಬರೆದಿದ್ದಾರೆ, "ಮೂರು ಪ್ಲೈ ಅಂದ್ರೆ ಕಾಗದ, ಯಾವತ್ತೂ ಐದೇ ತಗೋರಿ" ಅಂತ. ಅರ್ಧ ಸರಿ. ಹತ್ತು ಹನ್ನೆರಡು ಕೆಜಿ ಮಾಲು, ಗೋದಾಮಿನಲ್ಲಿ ಒಂದರ ಮೇಲೊಂದು ಎಂಟು ಪೇರಿಸ್ತೀರಿ ಅಂದರೆ ಐದೇ ಬೇಕು. ಎರಡು ಕೆಜಿ ರೊಟ್ಟಿಗೆ ಪ್ಲೈಗಿಂತ ಕಾಗದ ಯಾವುದು ಅನ್ನೋದು ಮುಖ್ಯ. ನಾವು ಹಾಕಿದ್ದು ಕ್ರಾಫ್ಟ್ ಕಾಗದ: ಚದರ ಮೀಟರಿಗೆ ತೂಕ 150 ಗ್ರಾಂ, ಅಂದರೆ 150 ಜಿಎಸ್‌ಎಮ್; ಒತ್ತಿದರೆ ಹರಿಯದೆ ತಡೆಯೋ ಗಟ್ಟಿತನ 20 ಬಿಎಫ್. ಅಗ್ಗದ ಐದು ಪ್ಲೈಯಲ್ಲಿ ಇದಕ್ಕಿಂತ ಬಡಕಲು ಕಾಗದ ಹಾಕಿರ್ತಾರೆ, ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗ್ತದೆ. ಒಪ್ಪಿಗೆ ಕೊಡೋ ಮೊದಲು ತುಂಬಿದ ಬಾಕ್ಸನ್ನ ಸೊಂಟದ ಎತ್ತರದಿಂದ ಹತ್ತು ಸಲ ಬೀಳಿಸಿದೆವು: ಒಂದು ಮೂಲೆ, ಆ ಮೂಲೆಯ ಮೂರು ಅಂಚು, ಆಮೇಲೆ ಆರೂ ಮುಖ. 30ರಲ್ಲಿ ಎರಡು ರೊಟ್ಟಿ ಒಡೆದವು. ಅಷ್ಟು ಪರವಾಗಿಲ್ಲ ಅಂದರು.

ತಾರಿಹಾಳದಲ್ಲಿ ಬಾಕ್ಸ್ ಫ್ಯಾಕ್ಟರಿ ನಡೆಸಿದ ಕಾಕಾ ಒಬ್ಬರು ಇದೇ ಗುಂಪಿನಲ್ಲಿದ್ದಾರೆ. ಅವರು ಮಾತ್ರ ನನ್ನನ್ನ ಒಪ್ಪಲ್ಲ. "ಬ್ಯಾಸಗಿ ಲೆಕ್ಕ ಹೇಳಬ್ಯಾಡ. ಮಳಿಗಾಲದಾಗ ಕಾಗದ ನೀರು ಹೀರಿ ಅರ್ಧ ಸತ್ತಿರ್ತದ" ಅಂತಾರೆ. ಅವರು ಹೇಳೋದರಲ್ಲಿ ತಥ್ಯ ಇದೆ. ನಮ್ಮ ಟ್ರಯಲ್ ಮಾರ್ಚಿನಲ್ಲಿ ಆದದ್ದು. ಮೊದಲು 260ಕ್ಕೆ 14 ಒಡೆದ ದೂರು ಬರ್ತಿದ್ದವು, ಈಗ 5. ಆದರೆ ಅದನ್ನ ನಾನು ಉಳಿತಾಯದಲ್ಲಿ ಸೇರಿಸಿಲ್ಲ, ಜುಲೈ ಆಗಸ್ಟ್ ದಾಟಲಿ ಅಂತ. ಕಾಕಾ ಹೇಳಿದಂತೆ ಖಾಲಿ ಬಾಕ್ಸಿನ ಕಟ್ಟುಗಳನ್ನ ನೆಲಕ್ಕಿಡದೆ ಹಲಗೆ ಮೇಲೆ ಇಡೋದು ಶುರು ಮಾಡಿದ್ದಾರೆ.

ಮಾವಿನಹಣ್ಣು ಕಳಿಸೋ ಅಣ್ಣಾವ್ರು ಒಬ್ಬರು "ನಮಗೂ ಸಣ್ಣ ಬಾಕ್ಸ್ ಮಾಡಿಕೊಡ್ರಿ" ಅಂದಿದ್ದಾರೆ. ಅಣ್ಣಾ, ನಿಮ್ಮ ಆಪೂಸಿನ ಬಾಕ್ಸ್ 38×28×15 ಅಂದರೆ ಜಾಗದ ಲೆಕ್ಕ 3.2, ತಕ್ಕಡಿ ತೂಕ 5 ಕೆಜಿಗೂ ಮೇಲೆ. ನಿಮಗೆ ಬಿಲ್ ಆಗೋದು ತೂಕಕ್ಕೆ. ಬಾಕ್ಸ್ ಕುಗ್ಗಿಸಿದರೆ ಒಂದು ಪೈಸೆ ಉಳಿಯಲ್ಲ, ಗಾಳಿ ಕಿಂಡಿ ಇರೋ ಐದು ಪ್ಲೈಯೇ ನಿಮಗೆ ಸರಿ.

ಅಕ್ಕಾರೇ, ಖರ್ಚನ್ನೂ ಹೇಳಿಬಿಡ್ತೇನೆ. ಮೊದಲ ತಿಂಗಳು ಇವರಿಗೆ 24,500 ಕೈಗೆ ಬರಲಿಲ್ಲ. ಟ್ರಯಲ್‌ನಲ್ಲಿ ಹೋದ ರೊಟ್ಟಿ, ಮತ್ತೆ ಕಳಿಸಿದ ಪಾರ್ಸೆಲ್ ಸೇರಿ ಆರೂವರೆ ಸಾವಿರ. ಪ್ರಿಂಟಿನ ಬ್ಲಾಕ್ 1,800. ಹಳೆ ಬಾಕ್ಸ್ 300 ಉಳಿದಿದ್ದವು, ಊರೊಳಗಿನ ಅಂಗಡಿಗಳಿಗೆ ಕೊಡೋಕೆ ಬಳಸಿದರು. ನಮ್ಮ ಅಳತೆಗೆ ಮಾಡಿಸಬೇಕು ಅಂದರೆ ಕನಿಷ್ಠ 1,000 ತಗೋಬೇಕು, 17,000 ಒಮ್ಮೆಗೇ. ಮೊದಲು 200ರಂತೆ ತಗೊಳ್ತಿದ್ದರು. ನಿಮ್ಮದು ತಿಂಗಳಿಗೆ 40, 50 ಪಾರ್ಸೆಲ್ ಅಂದರೆ ಹೊಸ ಅಳತೆ ಮಾಡಿಸಬೇಡಿ. ರೆಡಿ ಸಿಗೋ ಬಾಕ್ಸುಗಳಲ್ಲೇ ಹತ್ತಿರದ್ದು ಹುಡುಕೋಣ.

ಒಂದು ಕೆಲಸ ಮಾಡಿ. ಕಳೆದ ತಿಂಗಳ ಕೊರಿಯರ್ ಬಿಲ್ಲಿನಲ್ಲಿ ಬಿಲ್ ಮಾಡಿದ ತೂಕ ಎಷ್ಟಿದೆ, ನಿಮ್ಮ ತಕ್ಕಡಿಯಲ್ಲಿ ಎಷ್ಟು ಬರ್ತದೆ, ಬಾಕ್ಸಿನ ಹೊರ ಅಳತೆ ಎಷ್ಟು, ಈ ಮೂರು ಇಲ್ಲೇ ಹಾಕಿ. ಭಾಗಿಸೋದು 5000ವೋ 4000ವೋ ಅಂತಾನೂ ಕೊರಿಯರ್‌ನವರನ್ನ ಕೇಳಿಬಿಡಿ, ಎಲ್ಲರದೂ ಒಂದೇ ಇರಲ್ಲ. 4000 ಆಗಿದ್ದರೆ ಇದೇ ಹೊಸ ಬಾಕ್ಸ್ 2.7ಕ್ಕೆ ಹೋಗಿ 3 ಕೆಜಿ ಬಿಲ್ ಆಗ್ತಿತ್ತು. ಹಳೆಯದು ನಾಲ್ಕೂವರೆ. ಆಗ ಅಳತೆಯನ್ನೇ ಬೇರೆ ರೀತಿ ಯೋಚಿಸಬೇಕಾಗ್ತದೆ.