ಬಾಡಿಗೆ ಮನೆಯ ಹಳೆಯ ಗೀರು, ಕಲೆಗಳನ್ನು ಮಾಲೀಕರಿಗೆ ತಿಳಿಸುವುದು ಹೇಗೆ?

ಪ್ರಶ್ನೆ: ಮುಂದಿನ ವಾರ ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಹೋಗುತ್ತಿದ್ದೇವೆ. ಗೋಡೆ, ಬಾಗಿಲು, ನೆಲದಲ್ಲಿ ಆಗಲೇ ಗೀರು, ಕಲೆಗಳಿವೆ. ಬಿಡುವಾಗ ಅವಕ್ಕೂ ಅಡ್ವಾನ್ಸ್‌ನಲ್ಲಿ ಹಣ ಹಿಡಿದುಕೊಂಡರೆ? ಫೋಟೊ ತೆಗೆದಿಟ್ಟುಕೊಂಡರೆ ಸಾಕೇ?

ಉತ್ತರ: ಸಾಲದು. ನಿಮ್ಮ ಮೊಬೈಲಿನಲ್ಲೇ ಉಳಿದ ಫೋಟೊ ಮಾಲೀಕರು ಎಂದೂ ನೋಡದ ಫೋಟೊ. ಅದು ಮನೆ ಸೇರಿದ ದಿನವೇ ಅವರ ಕೈ ಸೇರಬೇಕು, ಜೊತೆಗೆ ಎಲ್ಲಿ, ಏನು ಎಂಬ ಒಂದು ಸಾಲು ಇರಬೇಕು.

ಸಾಮಾನು ಇಳಿಸುವ ಮೊದಲು, ಖಾಲಿ ಮನೆಯಲ್ಲಿ, ಹಗಲು ಬೆಳಕಿನಲ್ಲಿ ಫೋಟೊ ತೆಗೆಯಿರಿ. ಪ್ರತಿ ದೋಷಕ್ಕೂ ಎರಡು ಬೇಕು: ಯಾವ ಕೋಣೆ ಎಂದು ಗುರುತು ಸಿಗುವಂತೆ ದೂರದಿಂದ ಒಂದು, ಪಕ್ಕದಲ್ಲಿ ನಾಣ್ಯವಿಟ್ಟು ಹತ್ತಿರದಿಂದ ಒಂದು. ಬರೀ ಹತ್ತಿರದ ಫೋಟೊ ಯಾವ ಮನೆಯ ಗೋಡೆಯದಾದರೂ ಆಗಬಹುದು.

ನಮ್ಮ ಹಿಂದಿನ ಮನೆಗೆ ಹೋದಾಗ ನಾನು ಕಳುಹಿಸಿದ ಪಟ್ಟಿಯ ಕೆಲವು ಸಾಲುಗಳು ಇವು:

"ಸ್ನಾನದ ಮನೆ: ಬಾಗಿಲಿನ ಕೆಳ ಅಂಚು ನೀರು ಹೀರಿ ಉಬ್ಬಿದೆ, ಪದರ ಬಿಟ್ಟಿದೆ. ಫೋಟೊ 7, 8. ಅಡುಗೆ ಮನೆ: ಸಿಂಕ್‌ನ ಎಡಕ್ಕೆ ಗ್ರಾನೈಟ್ ಕಟ್ಟೆಯಲ್ಲಿ ಗೇಣುದ್ದ ಬಿರುಕು. ಫೋಟೊ 11, 12."

"ಬಾಗಿಲು ಸರಿಯಿಲ್ಲ" ಎಂದಷ್ಟೇ ಬರೆದಿದ್ದರೆ ಪ್ರಯೋಜನವಾಗುತ್ತಿರಲಿಲ್ಲ. ಮನೆ ಬಿಡುವಾಗ ಮಾಲೀಕರು ಮೊದಲು ಕೈ ತೋರಿಸಿದ್ದೇ ಆ ಬಾಗಿಲಿಗೆ, ಹೊಸದರ ಬೆಲೆ ಕೊಡಿ ಎಂದರು. ಹಳೆಯ ಇಮೇಲ್ ತೆರೆದು ತೋರಿಸಿದೆ, ಮಾತು ಅಲ್ಲಿಗೇ ನಿಂತಿತು. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಮಾತ್ರ ಹಿಡಿದುಕೊಂಡರು. ಅದು ಕರಾರು ಪತ್ರದಲ್ಲೇ ಇತ್ತು, ಅಂಥ ಷರತ್ತಿನ ಮುಂದೆ ಪಟ್ಟಿ ಏನೂ ಮಾಡಲಾರದು. ಆದ್ದರಿಂದ ಸಹಿ ಹಾಕುವ ಮೊದಲೇ ಆ ಸಾಲನ್ನು ಓದಿ, ಚೌಕಾಸಿ ಮಾಡಿ.

ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿನಂತೆ ಕಳುಹಿಸಿದ ಫೋಟೊ ಕುಗ್ಗುತ್ತದೆ, ತೆಗೆದ ದಿನಾಂಕದ ವಿವರವೂ ಅಳಿಸಿಹೋಗುತ್ತದೆ. ಫೋಟೊಗಳನ್ನು ಇಮೇಲ್‌ನಲ್ಲಿ ಕಳುಹಿಸಿ, "ಪಟ್ಟಿ ಇಮೇಲ್ ಮಾಡಿದ್ದೇನೆ, ನೋಡಿ ತಿಳಿಸಿ ಸರ್" ಎಂದು ವಾಟ್ಸ್‌ಆ್ಯಪ್‌ನಲ್ಲಿ ಒಂದು ಮಾತು ಹಾಕಿ. ಉತ್ತರ ಬಾರದಿದ್ದರೆ ಅವರು ಉತ್ತರಿಸಲೇಬೇಕಾದದ್ದನ್ನು ಕೇಳಿ: "ಪಟ್ಟಿಯಲ್ಲಿ ಬರೆದಂತೆ ಗೀಜರ್ ಬಿಸಿಯಾಗುತ್ತಿಲ್ಲ, ರಿಪೇರಿಯವರನ್ನು ನೀವು ಕಳುಹಿಸುತ್ತೀರಾ, ನಾವೇ ಕರೆಸೋಣವೇ?" ಇದಕ್ಕೆ ಬರುವ ಉತ್ತರವೇ ಪಟ್ಟಿ ತಲುಪಿದೆ ಎಂಬುದಕ್ಕೆ ಸಾಕ್ಷಿ. ದೂರಿನ ದನಿ ಬೇಡ. ರಿಪೇರಿ ಬೇಕಾದದ್ದು ಯಾವುದು, ಗಮನಕ್ಕೆ ಮಾತ್ರ ಯಾವುದು ಎಂದು ಬೇರೆ ಮಾಡಿ ಬರೆದರೆ ಅವರಿಗೂ ಗಾಬರಿಯಾಗುವುದಿಲ್ಲ.

ಕೆಲವು ದೋಷಗಳು ಮೊದಲ ದಿನ ಕಣ್ಣಿಗೆ ಬೀಳುವುದಿಲ್ಲ. ಕಟ್ಟಿಕೊಂಡ ಮೋರಿ ಬಳಸಿದ ಮೇಲೆ, ಕಿಟಕಿ ಕೆಳಗಿನ ತೇವ ಮೊದಲ ಮಳೆಗೆ ತಿಳಿಯುತ್ತದೆ. ಕಂಡ ದಿನವೇ ಅದೇ ಇಮೇಲ್‌ಗೆ ಮುಂದುವರಿಕೆಯಾಗಿ ಸೇರಿಸಿ.

ಇನ್ನು ಕಾನೂನಿನ ಮಾತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಮನೆಯನ್ನು ಪಡೆದ ಸ್ಥಿತಿಯಲ್ಲೇ ಬಾಡಿಗೆದಾರ ಹಿಂದಿರುಗಿಸಬೇಕು, ಸಹಜ ಸವೆತಕ್ಕೆ ವಿನಾಯಿತಿ ಇದೆ. ಪಡೆದಾಗ ಮನೆ ಯಾವ ಸ್ಥಿತಿಯಲ್ಲಿತ್ತು ಎಂಬ ಪ್ರಶ್ನೆಗೆ ನಿಮ್ಮ ಈ ಇಮೇಲೇ ಉತ್ತರ.