ಮಂಜಿನ ಬೆಳಗಿನಲ್ಲಿ ಬೈಕ್: ಫಾಗ್ ಲ್ಯಾಂಪಿಗಿಂತ ಮೊದಲು ಬೆರಳುಗಳನ್ನು ನೋಡಿಕೊಳ್ಳಿ

ಪ್ರಶ್ನೆ: ದಿನಾ ಬೆಳಗ್ಗೆ ಆರಕ್ಕೆ ಬೇಲೂರಿನಿಂದ ಚಿಕ್ಕಮಗಳೂರಿಗೆ ಬೈಕಿನಲ್ಲಿ ಹೋಗುತ್ತೇನೆ. ಮಂಜಿನಲ್ಲಿ ದಾರಿ ಕಾಣುವುದಿಲ್ಲ, ಕೈ ಮರಗಟ್ಟುತ್ತದೆ, ಮೊನ್ನೆ ಬ್ರೇಕ್ ಹಿಡಿದಾಗ ಸ್ವಲ್ಪ ಜಾರಿತು. ಯಾವ ಫಾಗ್ ಲ್ಯಾಂಪ್ ಹಾಕಿಸಲಿ?

ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ ನಾನೂ ಹಲವು ಚಳಿಗಾಲ ಓಡಾಡಿದ್ದೇನೆ. ನನ್ನ ಬೈಕಿಗೆ ಫಾಗ್ ಲ್ಯಾಂಪ್ ಇತ್ತು, ಆದರೂ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಆದ್ದರಿಂದ ಲ್ಯಾಂಪಿನ ಮಾತನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಅದು ಕಾಫಿ ಕೊಯ್ಲಿನ ಕಾಲ. ಊರು ಬಿಟ್ಟ ಸ್ವಲ್ಪ ಹೊತ್ತಿಗೆ ಬೆರಳ ತುದಿಗಳು ಉರಿಯತೊಡಗಿದವು. ಉಣ್ಣೆಯ ಗ್ಲೌಸ್ ಮಂಜಿನಿಂದ ಒದ್ದೆಯಾಗಿ ಗಾಳಿಯನ್ನು ನೇರವಾಗಿ ಒಳಗೆ ಬಿಡುತ್ತಿತ್ತು. ಇನ್ನಷ್ಟು ದೂರ ಹೋಗುವಷ್ಟರಲ್ಲಿ ಉರಿ ನಿಂತಿತು. ಕೈ ಚಳಿಗೆ ಹೊಂದಿಕೊಂಡಿತು ಎಂದುಕೊಂಡು ನಾನು ಹಾಯಾಗಿ ಮುಂದೆ ಸಾಗಿದೆ. ನನಗೆ ಮುಳುವಾದದ್ದು ಈ ಒಂದೇ ತಿಳಿವಳಿಕೆ. ಉರಿ ಇರುವವರೆಗೆ ಬೆರಳಿಗೆ ಸ್ಪರ್ಶಜ್ಞಾನ ಉಳಿದಿರುತ್ತದೆ. ಉರಿ ತಾನಾಗಿಯೇ ನಿಂತರೆ ಆ ಜ್ಞಾನವೂ ಹೋಗಿದೆ ಎಂದೇ ಹೆಚ್ಚಾಗಿ ಅರ್ಥ. ಬ್ರೇಕ್ ಲಿವರನ್ನು ಎಷ್ಟು ಒತ್ತುತ್ತಿದ್ದೇವೆ ಎಂಬುದನ್ನು ನಾವು ಕಣ್ಣಿನಿಂದ ನೋಡಿ ತಿಳಿಯುವುದಿಲ್ಲ, ಬೆರಳಿನಿಂದಲೇ ತಿಳಿಯುತ್ತೇವೆ. ಮರಗಟ್ಟಿದ ಕೈ ಮೊದಲು ತಡವಾಗಿ ಹಿಡಿಯುತ್ತದೆ, ಹಿಡಿತ ಸಿಕ್ಕಿಲ್ಲವೆಂದು ಗಾಬರಿಯಾಗಿ ಆಮೇಲೆ ಇಡೀ ಮುಷ್ಟಿಯಿಂದ ಹಿಸುಕುತ್ತದೆ.

ನನಗೂ ಹಾಗೆಯೇ ಆಯಿತು. ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಒಂದು ಸಿಲ್ವರ್ ಮರಗಳ ಕೆಳಗೆ ನಿಂತಿತ್ತು. ಅಲ್ಲಿ ಮಳೆ ಬಾರದಿದ್ದರೂ ಎಲೆಗಳ ಮೇಲೆ ಕೂಡಿದ ಮಂಜಿನ ನೀರು ರಾತ್ರಿಯಿಡೀ ತೊಟ್ಟಿಕ್ಕಿ, ತೋಟದಿಂದ ಬರುವ ಚಕ್ರಗಳ ಮಣ್ಣಿನೊಂದಿಗೆ ಸೇರಿ, ಡಾಂಬರಿನ ಮೇಲೆ ತೆಳುವಾದ ಜಾರುಪದರವಾಗಿತ್ತು. ನನ್ನದು ಎಬಿಎಸ್ ಇಲ್ಲದ ಹಳೆಯ ಬೈಕು. ಮುಂದಿನ ಡಿಸ್ಕ್ ಬ್ರೇಕ್ ಒಮ್ಮೆಲೇ ಕಚ್ಚಿಕೊಂಡಿತು, ಚಕ್ರ ನಿಂತಿತು, ಬೈಕು ಪಕ್ಕಕ್ಕೆ ಮಲಗಿತು.

ಇನ್ನು ವೇಗದ ಲೆಕ್ಕ. ಆಗ ನಾನು ಸುಮಾರು 50 ಕಿ.ಮೀ. ವೇಗದಲ್ಲಿದ್ದೆ, ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಕಣ್ಣು ಕಂಡು ಕೈ ಹಿಡಿಯುವುದಕ್ಕೆ ಒಂದೂವರೆ ಸೆಕೆಂಡ್ ಎಂದರೂ 21 ಮೀಟರ್ ಕಳೆಯುತ್ತದೆ. ಒದ್ದೆ ರಸ್ತೆಯಲ್ಲಿ ಜಾರದಂತೆ ನಿಲ್ಲಿಸಲು ಹತ್ತಿರ ಹತ್ತಿರ 25 ಮೀಟರ್ ಬೇಕು. ಆದರೆ ನನಗೆ ಕಾಣುತ್ತಿದ್ದುದು ಹೆಚ್ಚೆಂದರೆ 30 ಮೀಟರ್. 30 ಕಿ.ಮೀ. ವೇಗದಲ್ಲಿದ್ದಿದ್ದರೆ ಒಟ್ಟು 22 ಮೀಟರಿನ ಆಸುಪಾಸಿನಲ್ಲಿ ನಿಲ್ಲಬಹುದಿತ್ತು. ಅಷ್ಟು ದಟ್ಟ ಮಂಜಿದ್ದರೆ 30 ದಾಟಬೇಡಿ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದರೆ ಎಡಕ್ಕೆ ಸರಿದು ಅವನಿಗೆ ದಾರಿ ಬಿಡಿ.

ಬೆರಳುಗಳ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಮಾತು: ದಪ್ಪ ಗ್ಲೌಸಿಗಿಂತ ಗಾಳಿ ತಡೆಯುವ, ಸ್ವಲ್ಪ ಸಡಿಲವಾದ ಗ್ಲೌಸ್ ಬೇಕು. ಬಿಗಿ ಗ್ಲೌಸ್ ರಕ್ತದ ಓಡಾಟವನ್ನೇ ತಡೆಯುತ್ತದೆ. ಎದೆ ತಣ್ಣಗಾದರೆ ದೇಹವು ಕೈಗೆ ಹೋಗುವ ರಕ್ತವನ್ನು ಕಡಿಮೆ ಮಾಡುವುದರಿಂದ, ಸ್ವೆಟರಿನ ಮೇಲೆ ಗಾಳಿ ನುಗ್ಗದ ಜಾಕೆಟ್ ಹಾಕಿಕೊಳ್ಳುವುದು ಕೈಗೂ ಔಷಧಿಯೇ. ದಾರಿಯಲ್ಲಿ ಉರಿ ನಿಂತಿದೆ ಎನಿಸಿದರೆ ಪಕ್ಕಕ್ಕೆ ನಿಲ್ಲಿಸಿ, ಗ್ಲೌಸ್ ತೆಗೆದು, ಹೆಬ್ಬೆರಳಿನ ತುದಿಯನ್ನು ಕಿರುಬೆರಳಿನ ತುದಿಗೆ ಮುಟ್ಟಿಸಿ ನೋಡಿ. ಸಲೀಸಾಗಿ ಮುಟ್ಟದಿದ್ದರೆ ಆ ಕೈ ಬ್ರೇಕ್ ಹಿಡಿಯಲು ಯೋಗ್ಯವಲ್ಲ. ಆಗ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಮತ್ತೆ ಚುಚ್ಚಿದಂತಾಗಿ ಆ ನೋವು ಕಳೆಯುವವರೆಗೆ ಕಾಯಿರಿ. ಕೆಲವರು ಸೈಲೆನ್ಸರಿಗೆ ಕೈ ಹಿಡಿಯುತ್ತಾರೆ. ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದು ತಿಳಿಯುವುದಿಲ್ಲ, ಬೊಬ್ಬೆ ಬಂದ ಮೇಲಷ್ಟೇ ಗೊತ್ತಾಗುತ್ತದೆ.

ಮೊನ್ನೆ ನಿಮ್ಮ ಬೈಕು ಜಾರಿದ್ದಕ್ಕೆ ಟೈರನ್ನು ಮಾತ್ರ ದೂರಬೇಡಿ. ಟೈರಿನ ಗೀರು ಸವೆದಿದ್ದರೆ ಬದಲಿಸಬೇಕು, ಅದು ಸರಿ. ಆದರೆ ಮರದ ನೆರಳಿನ ಒದ್ದೆ ಜಾಗ ಬರುವ ಮೊದಲೇ ಆಕ್ಸಿಲರೇಟರ್ ಇಳಿಸಿ, ಬೈಕು ನೇರವಾಗಿರುವಾಗಲೇ ಎರಡೂ ಬ್ರೇಕ್‌ಗಳನ್ನು ಮೆಲ್ಲಗೆ ಹಿಡಿದು, ಒತ್ತಡವನ್ನು ಹಂತಹಂತವಾಗಿ ಹೆಚ್ಚಿಸಬೇಕು. ಎಬಿಎಸ್ ಇರುವ ಚಕ್ರ ಕಚ್ಚಿಕೊಂಡು ನಿಲ್ಲುವುದಿಲ್ಲ, ನಿಜ. ಆದರೆ ಒದ್ದೆ ರಸ್ತೆಗೆ ಅದು ಹೊಸ ಹಿಡಿತವನ್ನೇನೂ ತಂದುಕೊಡುವುದಿಲ್ಲ.

ಲ್ಯಾಂಪ್ ಹಾಕಿಸಲೇಬೇಕೆಂದಿದ್ದರೆ ಬಣ್ಣಕ್ಕಿಂತ ಜಾಗ ಮುಖ್ಯ. ಹೆಡ್‌ಲೈಟಿಗಿಂತ ಕೆಳಗೆ, ಅಗಲವಾದ ಬೆಳಕು ರಸ್ತೆಯ ಮೇಲೆಯೇ ಬೀಳುವಂತೆ ಕೂರಿಸಿ ಹೆಡ್‌ಲೈಟನ್ನು ಡಿಮ್‌ನಲ್ಲಿಡಿ, ಏಕೆಂದರೆ ಹೈಬೀಮ್ ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ. ಹೆಲ್ಮೆಟ್ಟಿನ ಗಾಜನ್ನು ಕೂದಲೆಳೆಯಷ್ಟು ತೆರೆದಿಟ್ಟರೆ ಉಸಿರಿನ ಆವಿ ಒಳಗೆ ಕಟ್ಟುವುದಿಲ್ಲ. ಮೊದಲ ಖರ್ಚನ್ನು ಮಾತ್ರ ಗ್ಲೌಸಿಗೆ ಮಾಡಿ. ಹಣ ಉಳಿದರೆ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿ, ಆಮೇಲೆ ಲ್ಯಾಂಪ್ ನೋಡಿ.