ಮೇಜಿನಲ್ಲಿ ಒಂಟಿ ಊಟ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ, ಮೂವತ್ತರ ಆಸುಪಾಸಿನ ಒಬ್ಬರು ನನ್ನ ಬಳಿ ಆಪ್ತಸಲಹೆಗೆ ಬಂದಿದ್ದರು. ಅವರು ಕೆಲಸಕ್ಕೆ ಸೇರಿದಾಗಿನಿಂದ ತಮ್ಮ ಮೇಜಿನಲ್ಲೇ ಊಟ ಮಾಡುತ್ತಿದ್ದರು. ಆರಂಭದಲ್ಲಿ ಮಧ್ಯಾಹ್ನದ ಹೊತ್ತು ಕೌಂಟರು ಬಿಡುವಂತಿರಲಿಲ್ಲ. ಆ ಕಾರಣ ಹೋದ ಮೇಲೂ ರೂಢಿ ಉಳಿಯಿತು. ಒಬ್ಬರೇ ಉಣ್ಣುವುದು ತಪ್ಪಲ್ಲ, ಹಾಗಾಗಿ ಅದು ಇಷ್ಟವೋ ಹಿಂಜರಿಕೆಯೋ ಎಂಬುದನ್ನು ಮೊದಲು ತಿಳಿಯಬೇಕಿತ್ತು. ಊಟದ ಕೋಣೆಯಿಂದ ನಗು ಕೇಳಿದಾಗ ಕೈ ತಡೆದು ಆಲಿಸುತ್ತೇನೆ, ಎಲ್ಲರೂ ಎದ್ದುಹೋದ ಮೇಲಷ್ಟೇ ನೀರು ತರಲು ಹೋಗುತ್ತೇನೆ ಎಂದು ಅವರು ಹೇಳಿದಾಗ ಉತ್ತರ ಸಿಕ್ಕಿತು.

ಉಣ್ಣುವಾಗ ಕೈ ನಡುಗುತ್ತದೆಯೇ, ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿದೆಯೇ, ಮದುವೆಮನೆಯಲ್ಲೂ ಹೀಗೆಯೇ ಆಗುತ್ತದೆಯೇ ಎಂದು ವಿಚಾರಿಸಿದೆ. ಹೌದು ಎಂದಿದ್ದರೆ ಮನೋವೈದ್ಯರಲ್ಲಿಗೆ ಕಳುಹಿಸುತ್ತಿದ್ದೆ. ಅವರಿಗಿದ್ದದ್ದು ಒಂದೇ ಆತಂಕ: "ಎಲ್ಲರೂ ಮಾತು ನಿಲ್ಲಿಸಿ, ಇಷ್ಟು ವರ್ಷ ಇಲ್ಲದ್ದು ಇವತ್ತೇನು ಅಂತ ಕೇಳ್ತಾರೆ." ಇದನ್ನೇ ಕಾಗದದ ಮೇಲೆ ಬರೆಸಿ, ಎಲ್ಲರ ಜೊತೆ ಊಟಕ್ಕೆ ಕೂತಾಗ ನಿಜವಾಗಿ ನಡೆದದ್ದನ್ನು ಅದೇ ದಿನ ಅದರ ಪಕ್ಕದಲ್ಲಿ ಬರೆಯಲು ಹೇಳಿದೆ.

ದಿನವೂ ಮಾತನಾಡುವ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಬೆಳಗ್ಗೆಯೇ "ಸರ್, ಇವತ್ತು ನಾನೂ ನಿಮ್ಮ ಜೊತೆ ಊಟಕ್ಕೆ ಬರ್ತೀನಿ" ಎಂದು ತಿಳಿಸುವಂತೆ ಸೂಚಿಸಿದೆ. ಎಲ್ಲರೂ ಕುಳಿತ ಮೇಲೆ ಒಳಹೋದರೆ ಕಣ್ಣುಗಳೆಲ್ಲ ಒಮ್ಮೆಗೇ ತಿರುಗುತ್ತವೆ. ಆದ್ದರಿಂದ ಡಬ್ಬಿ ಬಿಚ್ಚುವ ಮೊದಲೇ, ಅವರ ಜೊತೆಯಲ್ಲೇ ಹೋಗಬೇಕು. ಮೊಬೈಲು ತಮ್ಮ ಕೆಲಸದ ಮೇಜಿನಲ್ಲೇ ಇರಲಿ. ಯಾರಾದರೂ ಕೇಳಿದರೆ "ಒಬ್ಬನೇ ಊಟ ಮಾಡಿ ಬೇಜಾರಾಗಿತ್ತು" ಎಂಬ ನಿಜವಾದ ಉತ್ತರವೇ ಸಾಕು.

ಒಬ್ಬರು ಕೇಳಿದರು, ಇವರು ಉತ್ತರಿಸಿದರು, ಮಾತು ಮನೆ ಬಾಡಿಗೆಯ ಕಡೆಗೆ ಹೊರಳಿತು. ಆದರೂ ಅವರು ಸೋತವರಂತೆ ಮರಳಿ ಬಂದರು. ಡಬ್ಬಿಯಿಂದ ಕಣ್ಣೆತ್ತದೆ, ಗಬಗಬನೆ ಉಂಡು ಎದ್ದುಬಿಟ್ಟಿದ್ದರು; ರಾತ್ರಿಯೆಲ್ಲ "ನಾನು ಮಾತಾಡಲಿಲ್ಲ, ಜಂಭ ಅಂದುಕೊಂಡಿರುತ್ತಾರೆ" ಎಂದು ಕೊರಗಿದ್ದರು. ಹೆಚ್ಚಿನವರು ಎಡವುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ತಪ್ಪಿಸಿಕೊಳ್ಳುವ ಇಂಥ ಸಣ್ಣ ಉಪಾಯಗಳಿರುವಷ್ಟು ದಿನ, ಏನೂ ಕೆಡದಿದ್ದರೂ ಅದು ಆ ಉಪಾಯದಿಂದಲೇ ಎಂದು ಮನಸ್ಸು ನಂಬುತ್ತದೆ, ಮೂಲ ಭಯ ಹಾಗೆಯೇ ಉಳಿಯುತ್ತದೆ.

ಆದ್ದರಿಂದ ಮುಂದಿನ ವಾರ ಮಾತನಾಡುವ ಹೊರೆಯನ್ನು ತೆಗೆದು, ಬೇರೆ ಕೆಲಸ ಕೊಟ್ಟೆ: ಎಲ್ಲರೂ ಡಬ್ಬಿ ತೊಳೆಯಲು ಏಳುವವರೆಗೆ ಕೂರಬೇಕು, ಇತರರು ಹೇಳಿದ ಎರಡು ಸಂಗತಿಗಳನ್ನು ನೆನಪಿಟ್ಟುಕೊಳ್ಳಬೇಕು. ಗಮನ ತಮ್ಮಿಂದ ಹೊರಗೆ ಸರಿದಾಗ ಮಾತಿಗೆ ವಿಷಯವೂ ಸಿಕ್ಕಿತು, "ಮಗಳ ಪರೀಕ್ಷೆ ಹೇಗಾಯ್ತು ಮೇಡಂ?" ಎಂದು ಅವರೇ ಮರುದಿನ ವಿಚಾರಿಸಿದರು.

ಈಗ ಕೆಲವು ದಿನ ಎಲ್ಲರೊಂದಿಗೆ, ಕೆಲವು ದಿನ ಒಬ್ಬರೇ ಉಣ್ಣುತ್ತಾರೆ. ಯಾವ ದಿನ ಎಲ್ಲಿ ಎಂಬುದನ್ನು ಬೆಳಗ್ಗೆಯೇ ನಿರ್ಧರಿಸುವಂತೆ ಹೇಳಿದ್ದೇನೆ, ಏಕೆಂದರೆ ಊಟದ ಹೊತ್ತಿಗೆ ನೆಪವಾಗಿ ಬರುವ ಕೆಲಸ ಯಾವುದು, ನಿಜವಾದ ಕೆಲಸ ಯಾವುದು ಎಂದು ಬೇರ್ಪಡಿಸುವುದು ಅವರಿಗೆ ಇನ್ನೂ ಕಷ್ಟವಾಗುತ್ತಿದೆ.